ಬೆಕ್ಕನ್ನು ಬೋರ್ಡಿಂಗ್‌ನಲ್ಲಿ ಬಿಡುವ ಮುಂಚೆ, ಮನೆಯ ಕೀ ಇನ್ನೊಬ್ಬರ ಕೈಗೆ ಕೊಡುವ ಮುಂಚೆ

ಪ್ರಶ್ನೆ: ನಮ್ಮನೇಲಿ ಎರಡು ಬೆಕ್ಕಿವೆ, ಗಂಡಿಗೆ ಐದು ವರ್ಷ, ಹೆಣ್ಣಿಗೆ ಮೂರು. ದೀಪಾವಳಿಗೆ ಎಂಟು ದಿನ ಊರಿಗೆ ಹೋಗ್ತಿದ್ದೀವಿ. ಬೋರ್ಡಿಂಗ್‌ನಲ್ಲಿ ಬಿಡೋದು ಒಳ್ಳೇದಾ, ಮನೆಗೇ ಬಂದು ನೋಡ್ಕೊಳ್ಳೋರನ್ನ ಗೊತ್ತು ಮಾಡೋದು ಒಳ್ಳೇದಾ? ಅವರನ್ನ ಏನೇನು ಕೇಳ್ಬೇಕು? ಬೆಂಗಳೂರಲ್ಲಿದ್ದೀವಿ.

ಉತ್ತರ:

ಎರಡೂ ಆರೋಗ್ಯವಾಗಿದ್ದು, ದಿನಾ ಔಷಧಿ ಏನೂ ಇಲ್ಲದಿದ್ದರೆ ಮನೆಯಲ್ಲೇ ಇರಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಮುಕ್ಕಾಲು ಗಂಟೆ ಇದ್ದು ಹೋಗುವ ಒಬ್ಬರನ್ನು ಗೊತ್ತು ಮಾಡಿ. ನಾನು ಎರಡೂ ದಾರಿ ನೋಡಿದ್ದೇನೆ, ಎರಡರಲ್ಲೂ ತೊಂದರೆ ಅನುಭವಿಸಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾಯಿಗೆ ತನ್ನವರು ಜೊತೆಗಿದ್ದರೆ ಯಾವ ಊರಾದರೂ ಸರಿ. ಬೆಕ್ಕಿಗೆ ಹಾಗಲ್ಲ. ಅದಕ್ಕೆ ಜಾಗವೇ ಆಸರೆ. ಸೋಫಾದ ಮೂಲೆ, ಬೀರುವಿನ ತಲೆ, ಬಾಗಿಲ ಚೌಕಟ್ಟು, ಹೀಗೆ ಎಲ್ಲೆಲ್ಲಿ ಕೆನ್ನೆ ಉಜ್ಜಿ ತನ್ನ ವಾಸನೆ ಅಂಟಿಸಿದೆಯೋ ಅಲ್ಲೆಲ್ಲ ಅದಕ್ಕೆ ಧೈರ್ಯ. ಬೋರ್ಡಿಂಗ್‌ಗೆ ಒಯ್ದಾಗ ನೀವೂ ಇರುವುದಿಲ್ಲ, ಆ ವಾಸನೆಯೂ ಇರುವುದಿಲ್ಲ. ಅದರ ಮೇಲೆ ಪಕ್ಕದಲ್ಲಿ ಗುರುತಿಲ್ಲದ ಬೆಕ್ಕುಗಳು, ಎಷ್ಟೋ ಕಡೆ ಗೋಡೆಯಾಚೆ ಬೊಗಳುವ ನಾಯಿಗಳು. ಮನೆಯಲ್ಲೇ ಉಳಿದರೆ ಕಳೆದುಕೊಳ್ಳುವುದು ನಿಮ್ಮನ್ನು ಮಾತ್ರ.

ನಮ್ಮ ಮನೆಯಲ್ಲೂ ನಿಮ್ಮಲ್ಲಿದ್ದ ಹಾಗೇ ಒಂದು ಗಂಡು, ಒಂದು ಹೆಣ್ಣು. ಗುಂಡ ಆಪರೇಷನ್ ಆದ ಗಂಡು, ಆರು ಕೆಜಿ ತೂಕ. ಸಿಂಗಾರಿ ಸಣ್ಣ ಮೈಯವಳು, ಹೊರಗಿನವರು ಬಂದರೆ ಮಂಚದ ಕೆಳಗೆ ಸೇರುವವಳು. ಮೊದಲ ಸಲ ಶಿರಸಿಗೆ ಮದುವೆಗೆ ಹೋದಾಗ ಐದು ದಿನ ಇಬ್ಬರನ್ನೂ ಒಂದು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆ. ಜಾಗ ಚೊಕ್ಕಟವಾಗಿತ್ತು, ಮಾತು ಚೆನ್ನಾಗಿತ್ತು. ದಿನಾ ಎರಡು ಫೋಟೋ, ಕೆಳಗೆ ‘ಆರಾಮಾಗಿದ್ದಾರೆ ಮೇಡಂ’ ಅಂತ ಒಂದು ಸಾಲು. ಸಿಂಗಾರಿ ಎಲ್ಲ ಫೋಟೋದಲ್ಲೂ ಗೂಡಿನ ಹಿಂಬದಿಗೆ ಒತ್ತಿಕೊಂಡು ಕೂತಿದ್ದಳು. ನಾನು ಅದನ್ನು ನಾಚಿಕೆ ಅಂದುಕೊಂಡೆ. ಕರೆದುಕೊಂಡು ಬರಲು ಹೋದ ದಿನ ಬಟ್ಟಲ ಬಗ್ಗೆ ಕೇಳಿದರೆ, ಅವಳು ಮೂರು ದಿನ ಹೆಚ್ಚುಕಡಿಮೆ ಏನೂ ತಿಂದಿಲ್ಲ ಅಂತ ಆಗ ಹೇಳಿದರು. ಮನೆಗೆ ಬಂದು ಮೂರನೇ ದಿನಕ್ಕೆ ಸೀನು, ಕಣ್ಣಲ್ಲಿ ನೀರು ಶುರುವಾಯಿತು.

ಇದರಲ್ಲಿ ಎರಡು ಸಂಗತಿಗಳಿವೆ. ಬೆಕ್ಕು ಉಪವಾಸ ಇರಬಲ್ಲ ಪ್ರಾಣಿಯಲ್ಲ. ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳತೊಡಗುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಕಿವಿಯ ಒಳಭಾಗ, ಒಸಡು ಹಳದಿಯಾಗುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಆದ್ದರಿಂದ 24 ಗಂಟೆ ಏನೂ ತಿನ್ನದಿದ್ದರೆ ನಿಮಗೆ ಫೋನ್ ಬರಬೇಕು, ಡಾಕ್ಟರಿಗೂ ಹೇಳಬೇಕು. ಇನ್ನೊಂದು ಆ ಸೀನಿನ ವಿಷಯ. ಮರಿಯಾಗಿದ್ದಾಗ ಬೆಕ್ಕಿನ ಹರ್ಪಿಸ್ ವೈರಸ್ ತಗುಲಿದ್ದರೆ ಅದು ಸಾಯುವ ತನಕ ಮೈಯಲ್ಲೇ ಉಳಿದಿರುತ್ತದೆ. ಬೆಕ್ಕು ಹೆದರಿದಾಗ, ಜಾಗ ಬದಲಾದಾಗ, ಸುಮಾರು ಒಂದು ವಾರದ ನಂತರ ಮತ್ತೆ ಏಳುತ್ತದೆ. ಲಸಿಕೆ ಅದರ ಜೋರು ತಗ್ಗಿಸುತ್ತದೆ, ಮೈಯಿಂದ ಓಡಿಸುವುದಿಲ್ಲ. ಸಿಂಗಾರಿಗೆ ಅಲ್ಲಿ ಹೊಸದಾಗಿ ಅಂಟಿತೋ, ಅವಳಲ್ಲಿದ್ದದ್ದೇ ಎದ್ದಿತೋ ಹೇಳುವುದು ಸಾಧ್ಯವಿಲ್ಲ ಅಂದರು ನಮ್ಮ ಡಾಕ್ಟರ್. ನಿಮ್ಮ ಬೆಕ್ಕಿಗೂ ಆಗಾಗ ಕಣ್ಣಲ್ಲಿ ನೀರು, ಸೀನು ಬರುತ್ತಿದ್ದರೆ ಬೋರ್ಡಿಂಗ್ ಬೇಡವೆನ್ನಲು ನನಗೆ ಅದೊಂದೇ ಕಾರಣ ಸಾಕು.

ಎರಡನೇ ಸಲ, ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗುವಾಗ, ಮನೆಗೇ ಬರುವವರನ್ನು ಗೊತ್ತು ಮಾಡಿದೆ. ಹತ್ತಿರದ ರಸ್ತೆಯವರು, ಕಾಲೇಜು ಮುಗಿಸಿದ ಹುಡುಗಿ, ಅವರ ಮನೆಯಲ್ಲೂ ಬೆಕ್ಕುಗಳಿವೆ. ಹೊರಡುವ ವಾರ ಎರಡು ಸಲ ಮನೆಗೆ ಕರೆದು ನಾನು ಎದುರಿಗಿದ್ದೇ ಊಟ ಹಾಕಿಸಿದೆ, ಟ್ರೇ ಚೊಕ್ಕ ಮಾಡಿಸಿದೆ. ಆಗ ಅವರಿಗೆ ಒಂದು ಕೆಲಸ ಹೇಳಿಕೊಟ್ಟಿದ್ದೆ: ಲಿಟರ್ ಟ್ರೇಯಿಂದ ತೆಗೆಯುವ ಮೂತ್ರದ ಉಂಡೆಗಳನ್ನು ಎಣಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಬರೆಯುವುದು. ನಮ್ಮ ಮನೆಯಲ್ಲಿ ಇಬ್ಬರಿಂದ ದಿನಕ್ಕೆ ಐದೋ ಆರೋ ಉಂಡೆ ಬರುತ್ತವೆ. ಅದನ್ನು ಗಟ್ಟಿ ಮಾಡಿಕೊಳ್ಳಲು ಹೊರಡುವ ಮುಂಚಿನ ನಾಲ್ಕು ದಿನ ನಾನೇ ಎಣಿಸಿಟ್ಟಿದ್ದೆ.

ನಾವು ಹೋದ ಮೂರನೇ ದಿನ ಬೆಳಿಗ್ಗೆ ಹಾಳೆಯಲ್ಲಿ ಬಿದ್ದ ಲೆಕ್ಕ ಒಂದೇ ಉಂಡೆ. ಸಂಜೆ ಆರಕ್ಕೆ ಮತ್ತೆ ಒಂದೇ. ಅವರು ಅಲ್ಲೇ ಕೂತು ನೋಡಿದ್ದಾರೆ. ಗುಂಡ ಟ್ರೇಗೆ ಹೋಗಿ ಕೂತ, ಎದ್ದ, ಏನೂ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ಹೋದ, ಸಣ್ಣಗೆ ನರಳಿದ, ಹೊರಬಂದು ಕೆಳಭಾಗ ನೆಕ್ಕುತ್ತಲೇ ಕೂತ. ‘ಅಕ್ಕಾ, ಇವನಿಗೆ ಮೋಷನ್ ಕಟ್ಟಿದ ಹಾಗಿದೆ ಅಂತ ಅನ್ನಿಸ್ತು, ಆದ್ರೆ ಉಂಡೆ ಲೆಕ್ಕ ಕಮ್ಮಿ ಇದೆ’ ಅಂತ ಫೋನ್ ಮಾಡಿದರು. ಈ ಒಂದು ವಾಕ್ಯದಿಂದ ನಮ್ಮ ಗುಂಡ ಉಳಿದ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ ಮತ್ತು ಲೋಳೆ ಸೇರಿ ಅಲ್ಲಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನದೊಳಗೆ ಹೃದಯ ನಿಲ್ಲಬಹುದು. ನೋಡುವವರಿಗೆ ಅದು ಮಲಬದ್ಧತೆಯ ಹಾಗೇ ಕಾಣುತ್ತದೆ, ಜನ ಎಡವುವುದು ಅಲ್ಲೇ. ಗಾಬರಿ, ಶಬ್ದ, ದಿನಚರಿ ತಪ್ಪುವುದು, ನೀರು ಕಡಿಮೆ ಕುಡಿಯುವುದು, ಬರೀ ಒಣ ಆಹಾರ ತಿನ್ನುವುದು, ಇವೆಲ್ಲ ಅದಕ್ಕೆ ದಾರಿ ಮಾಡುತ್ತವೆ. ಅಂದರೆ ಮಾಲೀಕರು ಊರಲ್ಲಿಲ್ಲದ, ಪಟಾಕಿ ಸಿಡಿಯುವ ವಾರವೇ ಅದು ಬರುವ ಹೊತ್ತು.

ಆ ರಾತ್ರಿ ಎಂಟೂವರೆಗೆ ಅವರು ಗುಂಡನನ್ನು ಕ್ಯಾರಿಯರ್‌ಗೆ ಹಾಕಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಹೊಟ್ಟೆ ಮುಟ್ಟಿದ ಕೂಡಲೇ ಡಾಕ್ಟರಿಗೆ ಮೂತ್ರಕೋಶ ಕಲ್ಲಿನಷ್ಟು ಗಟ್ಟಿಯಾಗಿ ಸಿಕ್ಕಿತು. ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕಿ, ಮೂರು ದಿನ ಅಲ್ಲೇ ಇಟ್ಟುಕೊಂಡರು. ನಾನು ಶಿವಮೊಗ್ಗದಲ್ಲಿ ಬಸ್ಸು ಹತ್ತುವ ಮೊದಲೇ ಚಿಕಿತ್ಸೆ ಶುರುವಾಗಿತ್ತು. ಕಾರಣ, ‘ನಾನು ಊರಲ್ಲಿಲ್ಲದಾಗ ಇವರು ತಂದರೆ ಚಿಕಿತ್ಸೆ ಮಾಡಿ, ಇಪ್ಪತ್ತೈದು ಸಾವಿರದವರೆಗೆ ನನ್ನನ್ನು ಕೇಳದೆ ಖರ್ಚು ಮಾಡಬಹುದು’ ಅಂತ ಒಂದು ಪತ್ರ ಬರೆದು ಸಹಿ ಹಾಕಿ ಆಸ್ಪತ್ರೆಗೂ ಅವರಿಗೂ ಕೊಟ್ಟಿದ್ದೆ. ಆ ಪತ್ರವಿಲ್ಲದಿದ್ದರೆ ಅರಿವಳಿಕೆಗೆ ಒಪ್ಪಿಗೆ ಯಾರು ಕೊಡಬೇಕು ಅನ್ನುವಲ್ಲೇ ಹೊತ್ತು ಹೋಗುತ್ತಿತ್ತು.

ಹಾಗಾಗಿ ಬೋರ್ಡಿಂಗಿನವರಿರಲಿ, ಮನೆಗೆ ಬರುವವರಿರಲಿ, ನಾನು ಮೊದಲು ಕೇಳುವುದು ಇದನ್ನೇ: ‘ಇವನು ಇವತ್ತು ಮೂತ್ರ ಮಾಡಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?’ ಉತ್ತರ ‘ನಾವು ಚೆನ್ನಾಗಿ ನೋಡ್ಕೋತೀವಿ ಮೇಡಂ’ ಅಂತ ಬಂದರೆ ಅದು ಉತ್ತರವಲ್ಲ. ‘ಟ್ರೇ ಪ್ರತಿ ಗೂಡಿಗೂ ಬೇರೆ, ಬೆಳಿಗ್ಗೆ ಸಂಜೆ ಬಳಿಯುವಾಗ ಬರೆದಿಡುತ್ತೇವೆ’ ಅಂದರೆ ಮುಂದಿನ ಮಾತಾಡಬಹುದು. ಹತ್ತಾರು ಬೆಕ್ಕುಗಳನ್ನು ಒಂದೇ ಹಾಲ್‌ನಲ್ಲಿ ಬಿಟ್ಟು, ಗೂಡಿಲ್ಲ, ಸ್ವಾತಂತ್ರ್ಯವಿದೆ ಎಂದು ಹೇಳುವ ಕಡೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಯಾವ ಬೆಕ್ಕು ತಿಂದಿತು, ಯಾವುದು ಬೇರೆಯದರ ಹೆದರಿಕೆಗೆ ಟ್ರೇ ಹತ್ತಿರವೇ ಹೋಗಲಿಲ್ಲ, ಹೇಳುವವರಿಲ್ಲ. ನಾಯಿಗೆ ಒಳ್ಳೆಯದಾದ ಆ ಏರ್ಪಾಡು ಬೆಕ್ಕಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಮನೆಯ ಬೆಕ್ಕುಗಳು ಒಟ್ಟಿಗಿರಬಹುದು, ಬೇರೆ ಮನೆಯವು ಬೇಡ.

ಇದೆಲ್ಲ ಇದ್ದೂ ಬೋರ್ಡಿಂಗ್ ಸರಿಯಾಗುವ ಸಂದರ್ಭಗಳಿವೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕಾದ ಬೆಕ್ಕು, ಈಚೆಗಷ್ಟೇ ಮೂತ್ರ ಕಟ್ಟಿ ವಾಸಿಯಾದ ಬೆಕ್ಕು, ಮನೆಯಲ್ಲಿ ಪೇಂಟಿಂಗ್ ಕೆಲಸ, ಬಾಲ್ಕನಿಗೆ ಇನ್ನೂ ಬಲೆ ಹಾಕಿಲ್ಲ, ಹೊರಗಿನವರ ಮೇಲೆ ಎರಗುವ ಸ್ವಭಾವ, ಅಥವಾ ಕೀ ಕೊಡುವಷ್ಟು ನಂಬಿಕೆಯವರು ಯಾರೂ ಸಿಗಲಿಲ್ಲ. ಆಗ ಡಾಕ್ಟರ್ ಇರುವ ಕಡೆ, ಬೆಕ್ಕಿಗೇ ಬೇರೆ ಕೋಣೆ ಇರುವ ಕಡೆ ಬಿಡಿ. ಕಾಯಿಲೆಯ ಬೆಕ್ಕುಗಳನ್ನೂ ಬೋರ್ಡಿಂಗ್ ಬೆಕ್ಕುಗಳನ್ನೂ ಒಂದೇ ಕೋಣೆಯಲ್ಲಿ ಇಡುತ್ತಾರೆಯೇ ಅಂತ ಮಾತ್ರ ಕಣ್ಣಾರೆ ನೋಡಿ. ಮುಂಚೆ ತಿಳಿಸದೆ ಒಂದು ಮಧ್ಯಾಹ್ನ ಹೋಗಿ, ಒಳಗೆ ಬಿಡಿ ಅನ್ನಿ. ಗೂಡುಗಳು ಎದುರುಬದುರಾಗಿ ಅಂಟಿಕೊಂಡಿದ್ದರೆ ಬೇಡ, ಸೀನಿದ ಹನಿ ನಾಲ್ಕು ಅಡಿಯಷ್ಟು ದೂರ ಹೋಗುತ್ತದೆ. ಒಳಗೆ ಅಡಗಿಕೊಳ್ಳಲು ರಟ್ಟಿನ ಡಬ್ಬಿಯಾದರೂ ಇದೆಯೇ, ಊಟದ ಬಟ್ಟಲಿಗೂ ಟ್ರೇಗೂ ನಡುವೆ ಎರಡು ಅಡಿಯಾದರೂ ಇದೆಯೇ ನೋಡಿ. ಟ್ರೇ ಪಕ್ಕದಲ್ಲೇ ಊಟವಿಟ್ಟರೆ ಎಷ್ಟೋ ಬೆಕ್ಕುಗಳು ಮುಟ್ಟುವುದಿಲ್ಲ.

ಆಮೇಲೆ ನೆಲ ಯಾವುದರಿಂದ ಒರೆಸುತ್ತೀರಿ ಅಂತ ಕೇಳಿ. ಇದು ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಸ್ವಚ್ಛ ಅಂದರೆ ಫಿನಾಯಿಲ್ ವಾಸನೆ ಬರಬೇಕು ಎಂಬ ಭಾವನೆಯಿದೆ. ಆದರೆ ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಇಂಥ ದ್ರವಗಳಲ್ಲಿ ಬಹಳಷ್ಟರಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ, ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ವಿಷ ಒಳಗೆ ಹೋಯಿತು. ಅಷ್ಟೇ ಅಲ್ಲ, ಬೆಕ್ಕುಗಳಿಗೆ ಬರುವ ಪಾರ್ವೋ, ಅಂದರೆ ಪ್ಯಾನ್‌ಲ್ಯುಕೋಪೀನಿಯಾ ರೋಗದ ವೈರಸ್ ಇಂಥದ್ದಕ್ಕೆಲ್ಲ ಬಗ್ಗುವುದಿಲ್ಲ. ನೆಲದಲ್ಲಿ, ಗೂಡಿನ ಸಂದಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಪಿನಿಂದ ತೊಳೆದು, ತೆಳು ಮಾಡಿದ ಬ್ಲೀಚ್ ನೀರನ್ನು ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆದು ಒಣಗಿಸುತ್ತೇವೆ ಅಂದವರಿಗೆ ತಮ್ಮ ಕೆಲಸ ಗೊತ್ತಿದೆ ಎಂದು ತಿಳಿಯಿರಿ. ನಿಮ್ಮಿಂದ ಲಸಿಕೆಯ ಪುಸ್ತಕ ಕೇಳದೆ ಬೆಕ್ಕನ್ನು ತೆಗೆದುಕೊಳ್ಳುವವರು ಪಕ್ಕದ ಗೂಡಿನವರಿಂದಲೂ ಕೇಳಿರುವುದಿಲ್ಲ. ಟ್ರೈಕ್ಯಾಟ್, ರೇಬೀಸ್ ಎರಡೂ ಆಗಿರಬೇಕು. ಅವಧಿ ಮುಗಿದಿದ್ದರೆ ಹೊರಡುವ ಹಿಂದಿನ ದಿನ ಚುಚ್ಚಿಸಿ ಪ್ರಯೋಜನವಿಲ್ಲ, ಎರಡು ಮೂರು ವಾರ ಮೊದಲೇ ಹಾಕಿಸಿ.

ಮನೆಗೆ ಬರುವವರ ವಿಷಯದಲ್ಲಿ ಭಯ ಬೇರೆ. ಮೊದಲನೆಯದು ಬಾಗಿಲು. ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಕೀ ಹಿಡಿದು ಬಾಗಿಲು ತೆಗೆಯುವ ಆ ಒಂದು ಕ್ಷಣದಲ್ಲಿ ಬೆಕ್ಕು ಕಾಲ ಸಂದಿಯಿಂದ ಲಿಫ್ಟಿನ ಕಡೆ ಓಡುತ್ತದೆ. ‘ಬಾಗಿಲು ಹೇಗೆ ತೆಗೀತೀರಿ, ತೋರಿಸಿ’ ಅನ್ನಿ. ಅನುಭವ ಇರುವವರು ಬ್ಯಾಗನ್ನು ಕೆಳಗಿಟ್ಟು, ಒಂದು ಗೇಣು ತೆಗೆದು, ಕಾಲು ಅಡ್ಡ ಇಟ್ಟು ಒಳಗೆ ನುಗ್ಗುತ್ತಾರೆ. ಅವರು ಬರುವಾಗ ಗೆಳೆಯರನ್ನೋ ಮಕ್ಕಳನ್ನೋ ಕರೆತರುತ್ತಾರೆಯೇ, ಅವರಿಗೇ ಜ್ವರ ಬಂದರೆ ಬದಲಿಗೆ ಬರುವವರು ಯಾರು, ಆ ಬದಲಿಯವರನ್ನು ನಾನು ನೋಡಬಹುದೇ, ಅದೇ ದಿನ ಇನ್ನೆಷ್ಟು ಮನೆಗೆ ಹೋಗುತ್ತೀರಿ ಎಂದೂ ಕೇಳಿ. ದೀಪಾವಳಿಯಲ್ಲಿ ಹತ್ತು ಮನೆ ಒಪ್ಪಿಕೊಂಡವರ ಮುಕ್ಕಾಲು ಗಂಟೆ ಹತ್ತು ನಿಮಿಷವಾಗುತ್ತದೆ. ಬೇರೆ ಮನೆಯಲ್ಲಿ ಕಾಯಿಲೆಯ ಮರಿಗಳನ್ನು ನೋಡುತ್ತಿದ್ದರೆ ನಿಮ್ಮ ಮನೆಗೆ ಕೊನೆಯಲ್ಲಲ್ಲ, ಮೊದಲು ಬರಲಿ, ಬಂದ ಕೂಡಲೇ ಕೈ ಸೋಪಿನಲ್ಲಿ ತೊಳೆಯಲಿ. ಹಾಲ್‌ನಲ್ಲಿ ಕ್ಯಾಮೆರಾ ಇಟ್ಟಿದ್ದರೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ನೋಡುವುದು ಸರಿಯಲ್ಲ, ಒಳ್ಳೆಯವರು ಆಮೇಲೆ ನಿಮ್ಮ ಮನೆಗೆ ಬರುವುದಿಲ್ಲ.

ಔಷಧಿಯ ಬಗ್ಗೆ ಒಂದೇ ಮಾತು, ಆದರೆ ಬರೆದೇ ಕೊಡಿ: ನನ್ನನ್ನು ಅಥವಾ ಡಾಕ್ಟರನ್ನು ಕೇಳದೆ ಏನೂ ಕೊಡಬೇಡಿ. ಮೈ ಬಿಸಿಯಿದೆ ಅಂತ ಕರುಣೆಯಿಂದ ಕೊಟ್ಟ ಕಾಲು ತುಂಡು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಖರ್ಚಿನ ಲೆಕ್ಕದಲ್ಲಿ ಜನ ಮೋಸಹೋಗುವ ಒಂದು ಜಾಗವಿದೆ. ಬೋರ್ಡಿಂಗ್ ದರ ತಲೆಗೆ ಇಷ್ಟು, ಮನೆಗೆ ಬರುವವರ ದರ ಸಾಮಾನ್ಯವಾಗಿ ಭೇಟಿಗೆ ಇಷ್ಟು. ನಾನು ಬೋರ್ಡಿಂಗ್‌ಗೆ ಒಂದು ಬೆಕ್ಕಿಗೆ ದಿನಕ್ಕೆ 700 ರೂಪಾಯಿ ಕೊಟ್ಟಿದ್ದೆ. ಅದೇ ದರದಲ್ಲಿ ಎರಡು ಬೆಕ್ಕಿಗೆ ಎಂಟು ದಿನಕ್ಕೆ 11,200 ಆಗುತ್ತದೆ. ಮನೆಗೆ ಬಂದವರಿಗೆ ಭೇಟಿಗೆ 450ರಂತೆ ದಿನಕ್ಕೆ ಎರಡು ಸಲ, ಎಂಟು ದಿನಕ್ಕೆ 7,200. ನಿಮ್ಮ ಬಡಾವಣೆಯಲ್ಲಿ ದರ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ. ಹಣ ಉಳಿಸಲು ದಿನ ಬಿಟ್ಟು ದಿನ ಬನ್ನಿ ಅಂತ ಮಾತ್ರ ಹೇಳಬೇಡಿ. ಗಂಡು ಬೆಕ್ಕಿರುವ ಮನೆಯಲ್ಲಿ 48 ಗಂಟೆ ಯಾರೂ ನೋಡದಿರುವುದು ಅಂದರೆ ಏನಾಗಬಹುದು ಅಂತ ಮೇಲೆ ಹೇಳಿದ್ದೇನೆ.

ಹಬ್ಬ ಹತ್ತಿರವಿರುವುದರಿಂದ ನಿಮ್ಮ ಎಂಟು ದಿನಕ್ಕೆ ನಾನು ಮಾಡುವುದನ್ನೇ ಹೇಳುತ್ತೇನೆ. ಪಟಾಕಿಯ ಶಬ್ದ ತುಸು ಕಡಿಮೆ ಕೇಳುವ ಒಳಕೋಣೆಯಲ್ಲಿ ಒಂದು ಟ್ರೇ, ನೀರು, ಹೊದಿಕೆ ಹಾಕಿದ ರಟ್ಟಿನ ಡಬ್ಬಿ ಇಡಿ. ಕಿಟಕಿಗೆ ಸೊಳ್ಳೆ ಪರದೆಯಷ್ಟೇ ಇದ್ದರೆ ಗಾಜು ಮುಚ್ಚಿ, ಹೆದರಿದ ಬೆಕ್ಕು ಆ ಪರದೆಯನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಒಳಬಾಗಿಲುಗಳಿಗೆ ಅಡ್ಡ ಏನಾದರೂ ಇಡಿ. ಗಾಳಿಗೆ ಬಾಗಿಲು ಬಡಿದು ಬೆಕ್ಕು ಟ್ರೇ ಇಲ್ಲದ ಕೋಣೆಯಲ್ಲಿ ಸಿಕ್ಕಿಕೊಂಡರೆ ಮುಂದಿನ ಭೇಟಿಯವರೆಗೆ ಹಾಗೇ ಇರಬೇಕಾಗುತ್ತದೆ. ಊಟವನ್ನು ದಿನಕ್ಕಿಷ್ಟು ಅಂತ ತೂಕ ಮಾಡಿ ಎಂಟು ಡಬ್ಬಿಗೆ ಹಾಕಿಟ್ಟರೆ ಎಷ್ಟು ಉಳಿಯಿತು ಎಂದು ನೋಡಿದೊಡನೆ ತಿಳಿಯುತ್ತದೆ. ಸಂಜೆಯ ಭೇಟಿ ಆರು ಗಂಟೆಯೊಳಗೆ ಮುಗಿಯಲಿ, ಪಟಾಕಿ ಜೋರಾದ ಮೇಲೆ ಬಾಗಿಲು ತೆಗೆಯುವುದು ಬೇಡ. ಪ್ರತಿ ಭೇಟಿ ಮುಗಿಸಿ ಹೊರಡುವ ಮುಂಚೆ ಅವರು ಎರಡೂ ಬೆಕ್ಕನ್ನು ಕಣ್ಣಾರೆ ಕಂಡೇ ಹೋಗಬೇಕು, ಮಂಚದ ಕೆಳಗೆ ಬಗ್ಗಿಯಾದರೂ. ನಿಮಗೆ ಬರುವ ಮೆಸೇಜಿನಲ್ಲಿ ಮುದ್ದಾದ ಫೋಟೋಗಿಂತ ಮುಂಚೆ ಮೂರು ಸಂಗತಿ ಇರಲಿ: ಎಷ್ಟು ತಿಂದವು, ಎಷ್ಟು ಉಂಡೆ, ಇಬ್ಬರೂ ಕಂಡರೇ.

ಕ್ಯಾರಿಯರನ್ನು ಅಟ್ಟದ ಮೇಲಿಂದ ಇಳಿಸಿ ಬಾಗಿಲ ಹತ್ತಿರ ಇಟ್ಟು ಹೋಗಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು ಅಂತ ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ, ಹಬ್ಬದ ದಿನ ತೆರೆದಿರುತ್ತದೆಯೇ ಅಂತಲೂ ಕೇಳಿ. ಅಪಾರ್ಟ್‌ಮೆಂಟ್ ಆದರೆ ಗೇಟಿನಲ್ಲಿ ಅವರ ಹೆಸರು ಎಂಟೂ ದಿನಕ್ಕೆ ಬರೆಸಿ. ನಿಮ್ಮ ಫೋನಿಗೆ ಸಿಗ್ನಲ್ ಸಿಗದ ಊರಾದರೆ ಬೆಂಗಳೂರಲ್ಲೇ ಇರುವ ಒಬ್ಬರ ನಂಬರ್ ಕೊಟ್ಟು, ನಿರ್ಧಾರ ತೆಗೆದುಕೊಳ್ಳಲು ಅವರಿಗೆ ಹೇಳಿಡಿ. ನಿಮ್ಮ ಗಂಡು ಬೆಕ್ಕಿಗೆ ಮೊದಲು ಯಾವಾಗಲಾದರೂ ಮೂತ್ರದ ತೊಂದರೆ ಆಗಿತ್ತೇ? ಆಗಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಹಾಗಿದ್ದಲ್ಲಿ ಎರಡು ಭೇಟಿ ಸಾಲದು, ರಾತ್ರಿ ಮನೆಯಲ್ಲೇ ಉಳಿಯುವವರನ್ನು ಹುಡುಕಬೇಕು. ಹಬ್ಬಕ್ಕೆ ಅಂಥವರು ಬೇಗ ತುಂಬಿಹೋಗುತ್ತಾರೆ, ಈ ವಾರವೇ ಮಾತಾಡಿ.